ಬಿಲ್ಲುಗಳೆಲ್ಲ ಸರಿ ಇವೆ ಸರ್, ಬಾಗಿಲು ಮಾತ್ರ ಆರಕ್ಕೇ ಮುಚ್ಚುತ್ತೆ

ಮಾನ್ಯ ಪ್ರಾಂಶುಪಾಲರಿಗೆ ಮತ್ತು ವಿದ್ಯಾರ್ಥಿ ಚಟುವಟಿಕೆಗಳ ಉಸ್ತುವಾರಿ ಮೇಡಂ ಅವರಿಗೆ,

ನಮಸ್ಕಾರ.

ಕಳೆದ ಶುಕ್ರವಾರ ಸಂಜೆ ಸೆಮಿನಾರ್ ಹಾಲ್‌ನಲ್ಲಿ ನಮ್ಮ ಗೇಮಿಂಗ್ ಕ್ಲಬ್‌ನ ಖಜಾಂಚಿ ವರ್ಷದ ಲೆಕ್ಕ ಕೊಟ್ಟರು. ಸದಸ್ಯತ್ವ ಶುಲ್ಕದಲ್ಲಿ ಏನೇನು ಕೊಂಡೆವು, ಯಾಕೆ ಕೊಂಡೆವು, ಈಗ ಅವು ಯಾವ ಸ್ಥಿತಿಯಲ್ಲಿವೆ ಅಂತ ಮುಕ್ಕಾಲು ಗಂಟೆ ಮಾತಾಡಿದರು. ನಿಮ್ಮಿಬ್ಬರಿಗೂ ಆಹ್ವಾನ ಹೋಗಿತ್ತು. ಮುಂದಿನ ಸಾಲಿನ ಎರಡು ಕುರ್ಚಿ ಕೊನೆಯವರೆಗೂ ಖಾಲಿ ಇದ್ದವು. ಖಜಾಂಚಿಗೆ ಹುಡುಗರು ಕೇಳಿದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ನಿಜವಾಗಿ ನಿಮಗೆ ಕೇಳಬೇಕಾದವು. ಅದಕ್ಕೇ ಈ ಪತ್ರ. ಮುಚ್ಚಿದ ಲಕೋಟೆಯಲ್ಲಿ ಕೊಡದೆ ಎಲ್ಲರೂ ಓದುವ ಹಾಗೆ ಬರೆಯುತ್ತಿರುವುದಕ್ಕೂ ಕಾರಣ ಇದೆ. ಹಣ ಕೊಟ್ಟವರು 120 ಜನ. ಉತ್ತರವೂ ಅಷ್ಟೂ ಜನಕ್ಕೆ ಬೇಕು.

ಈ ಸಭೆ ಯಾಕೆ ಬೇಕಾಯಿತು ಅನ್ನೋದು ನಿಮಗೆ ಗೊತ್ತೇ ಇದೆ. ಮುಂದಿನ ವರ್ಷದಿಂದ ಶುಲ್ಕ 800 ರೂಪಾಯಿಯಿಂದ 1,000ಕ್ಕೆ ಏರುತ್ತೆ ಅಂತ ನೋಟಿಸ್ ಬೋರ್ಡಿನಲ್ಲಿ ಹಾಕಿದಿರಿ. ಅವತ್ತು ರಾತ್ರಿಯೇ ವಾಟ್ಸಾಪ್ ಗುಂಪಿನಲ್ಲಿ ‘ಇರೋ ದುಡ್ಡನ್ನೇ ತಿಂದಾಯ್ತು, ಇನ್ನೂ ಬೇಕಂತೆ’ ಅಂತ ಮಾತು ಶುರುವಾಯಿತು. ಖಜಾಂಚಿ ಕೊನೇ ವರ್ಷದ ವಿದ್ಯಾರ್ಥಿನಿ. ಪ್ಲೇಸ್‌ಮೆಂಟ್ ಗಡಿಬಿಡಿಯಲ್ಲಿದ್ದರು, ಸುಮ್ನೆ ಇದ್ದುಬಿಡಬಹುದಿತ್ತು. ಆದರೆ ಯಾರೂ ಕೇಳದೆಯೇ ತಾವಾಗಿ ಸಭೆ ಕರೆದು, ಒಂದೊಂದೇ ಬಿಲ್ಲನ್ನು ಪರದೆ ಮೇಲೆ ಹಾಕಿ ತೋರಿಸಿದರು.

ಅವರು ತೋರಿಸಿದ ಲೆಕ್ಕ ಇಷ್ಟು. 120 ಜನರಿಂದ ತಲಾ 800 ರೂಪಾಯಿ, ಒಟ್ಟು 96,000. ಅದರಲ್ಲಿ ಡಿಸ್ಕ್ ಹಾಕುವ ಮಾದರಿಯ ಪ್ಲೇಸ್ಟೇಷನ್ 5 ಅನ್ನೋ ಆಟದ ಕನ್ಸೋಲಿಗೆ 54,990. ಅದರ ಜೊತೆ ಒಂದು ಕಂಟ್ರೋಲರ್ ಬರುತ್ತೆ, ಇನ್ನೆರಡು ಬೇರೆ ಕೊಂಡಿದ್ದಕ್ಕೆ 11,980. 24 ಇಂಚಿನ ಮಾನಿಟರ್ 10,500. ನೆಟ್‌ವರ್ಕ್ ಸ್ವಿಚ್ ಮತ್ತು ಕೇಬಲ್ ಸೇರಿ 3,000. ಯುಪಿಎಸ್ 3,200. ಆನ್‌ಲೈನ್ ಸ್ಟೋರಿನಿಂದ ಇಳಿಸಿಕೊಂಡ ಎರಡು ಆಟಗಳು, ಒಂದು ಫುಟ್‌ಬಾಲ್, ಒಂದು ಫೈಟಿಂಗ್, ಎರಡಕ್ಕೂ ಸೇರಿ 8,998. ಎಲ್ಲ ಕೂಡಿದರೆ 92,668. ಕೈಯಲ್ಲಿ ಉಳಿದಿದ್ದು 3,332 ರೂಪಾಯಿ.

ಒಂದು ಪೈಸೆಯೂ ಕಳೆದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದ್ರೆ ಗುಂಪಿನಲ್ಲಿ ಕಿಡಿ ಹಚ್ಚಿದವರಲ್ಲಿ ಒಬ್ಬರೂ ಸಭೆಗೆ ಬಂದಿರಲಿಲ್ಲ.

ಆದರೆ ಪರದೆ ಮೇಲೆ ಬಂದ ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿದಾಗ ನನಗೆ ಬೇರೆ ಥರದ ಕಸಿವಿಸಿಯಾಯಿತು. ಅದು ಅವರ ಸ್ವಂತ ಖಾತೆ. ಕ್ಲಬ್‌ಗೆ ಬಂದ 120 ಯುಪಿಐ ಪಾವತಿಗಳಿಗೆ ಹಳದಿ ಬಣ್ಣ ಬಳಿದಿದ್ದರು. ನಡುನಡುವೆ ಅವರ ಮೆಸ್ ಬಿಲ್ಲು, ಮನೆಯಿಂದ ಅಪ್ಪ ಹಾಕಿದ ದುಡ್ಡು, ಔಷಧಿ ಅಂಗಡಿಗೆ ಕೊಟ್ಟದ್ದು, ಎಲ್ಲವೂ ಇತ್ತು. ಸ್ವಂತ ಖಾತೆಗೆ ಯಾಕೆ ತಗೊಂಡ್ರಿ ಅಂತ ಒಬ್ಬ ಕೇಳಿದ. ಅವರು ಹೇಳಿದ್ದು, ಕಾಲೇಜಿನ ಅಕೌಂಟ್ಸ್ ವಿಭಾಗಕ್ಕೆ ಹೋದರೆ ‘ಇದು ವಿದ್ಯಾರ್ಥಿಗಳ ದುಡ್ಡು, ನಮ್ಮ ಲೆಕ್ಕದಲ್ಲಿ ಬರಲ್ಲ, ನೀವೇ ನೋಡ್ಕೊಳ್ಳಿ’ ಅಂದರಂತೆ. ಹಾಗಂತ ಬಿಟ್ಟುಬಿಟ್ಟರೂ ಆಗುತ್ತಿತ್ತು. ಆದರೆ 5,000 ರೂಪಾಯಿ ಮೇಲಿನ ಯಾವ ವಸ್ತು ಕೊಳ್ಳಬೇಕಾದರೂ ಮೂರು ಕೊಟೇಶನ್ ತಂದು ಉಸ್ತುವಾರಿಗಳ ಸಹಿ ಹಾಕಿಸಿಕೊಳ್ಳಿ ಅನ್ನೋ ನಿಯಮ ಮಾತ್ರ ನಮಗೂ ಅನ್ವಯವಾಯಿತು. ಹಣ ನಿಮ್ಮದಲ್ಲ, ನಿಯಮ ನಿಮ್ಮದು. ಈ ಅರ್ಧಂಬರ್ಧ ಸ್ಥಿತಿಯಿಂದ ಏನೇನಾಯಿತು ಅನ್ನೋದೇ ಈ ಪತ್ರದ ಮುಖ್ಯ ವಿಷಯ.

ಮೊದಲು ಸಭೆಯ ಮೊದಲ ಪ್ರಶ್ನೆ. ಅಷ್ಟು ದುಡ್ಡಿಗೆ ಒಳ್ಳೇ ಪಿಸಿ ಬರ್ತಿತ್ತಲ್ಲ, ಕನ್ಸೋಲ್ ಯಾಕೆ? ಕನ್ಸೋಲಿನ ಬೆಲೆಯಲ್ಲಿ ಜಿಎಸ್‌ಟಿಯೇ ಶೇಕಡಾ 28, ಅಂದರೆ 54,990ರಲ್ಲಿ ಸುಮಾರು 12,000 ತೆರಿಗೆಗೇ ಹೋಯಿತು ಅಂತ ಅವರೇ ಒಪ್ಪಿಕೊಂಡರು. ನಾವು ಕೊಂಡಿದ್ದು 2024ರಲ್ಲಿ, ಆಗಿನ ದರ ಅದು. ಕಂಪ್ಯೂಟರಿಗಾದರೆ ಶೇಕಡಾ 18. ಆದರೂ ಅವರ ವಾದ ನನಗೆ ಸರಿ ಅನ್ನಿಸಿತು. ಒಂದು ಪಿಸಿ ಮುಂದೆ ಸಾಮಾನ್ಯವಾಗಿ ಒಬ್ಬನೇ ಕೂತು ಆಡುತ್ತಾನೆ. ಕನ್ಸೋಲಿನಲ್ಲಿ ಒಂದೇ ಪರದೆ ಮುಂದೆ ಇಬ್ಬರು ಆಡಬಹುದು, ಸುತ್ತ ಹತ್ತು ಜನ ನಿಂತು ನೋಡಬಹುದು. ಹುಡುಗರು ಜಾಸ್ತಿ ಆಡುವ ಶೂಟಿಂಗ್ ಆಟಕ್ಕೆ ಹೊರಗಿನ ಸರ್ವರ್ ಬೇಕು, ನಮ್ಮ ಕ್ಯಾಂಪಸ್ ಫೈರ್‌ವಾಲ್ ಅದನ್ನು ಬಿಡುವುದಿಲ್ಲ. ಅಂದಮೇಲೆ ಪಿಸಿ ತಂದಿದ್ದರೂ ಅದು ಅರ್ಧ ದಿನ ಸುಮ್ಮನೆ ಕೂರುತ್ತಿತ್ತು. ಅಲ್ಲಿಗೆ ಆ ಪ್ರಶ್ನೆ ಮುಗಿಯಿತು.

ಎರಡನೇ ಪ್ರಶ್ನೆ ಚುಚ್ಚುವಂಥದ್ದು. ಡಿಸ್ಕ್ ಡ್ರೈವ್ ಇಲ್ಲದ ಡಿಜಿಟಲ್ ಮಾದರಿ ಆಗ 44,990ಕ್ಕೆ ಸಿಗುತ್ತಿತ್ತು. ನಾವು 10,000 ಜಾಸ್ತಿ ಕೊಟ್ಟು ಡಿಸ್ಕ್ ಮಾದರಿ ತಂದೆವು. ತಂದಮೇಲೆ ಒಂದೂ ಡಿಸ್ಕ್ ಕೊಳ್ಳಲಿಲ್ಲ. ಎರಡೂ ಆಟ ಆನ್‌ಲೈನ್ ಸ್ಟೋರಿನಿಂದಲೇ ಬಂದವು. ಹಾಗಾದರೆ ಆ 10,000 ಯಾತಕ್ಕೆ?

ಖಜಾಂಚಿ ಕೊಟ್ಟ ಉತ್ತರ ಕೇಳಿ. ಕನ್ಸೋಲ್ ಆರಿಸುವಾಗ ಡಿಸ್ಕ್ ಕೊಳ್ಳುವ ಯೋಚನೆಯೇ ಇತ್ತು. ಡಿಸ್ಕ್ ಆದರೆ ಬೀರುವಿನಲ್ಲಿ ಇಡಬಹುದು, ಯಾರ ಅಕೌಂಟ್ ಇದ್ದರೂ ಆಡಬಹುದು, ಬೇಸರವಾದ ಮೇಲೆ ಮಾರಿ ಇನ್ನೊಂದು ತರಬಹುದು. ಆದರೆ ಎರಡು ಡಿಸ್ಕ್ ಸೇರಿದರೆ 5,000 ದಾಟುತ್ತೆ, ಮತ್ತೆ ಮೂರು ಕೊಟೇಶನ್. ಊರಲ್ಲಿ ಆಟದ ಡಿಸ್ಕ್ ಮಾರುವ ಅಂಗಡಿ ಇರುವುದೇ ಎರಡು. ಮೂರನೇ ಕೊಟೇಶನ್ ಸಿಗದೆ ಫೈಲು ಮೂರು ವಾರ ಮೇಜಿನ ಮೇಲೆ ಕೂತಿತು. ಕನ್ಸೋಲ್ ಬಂದಿದೆ, ಆಟ ಇಲ್ಲ, ಹುಡುಗರು ದಿನಾ ಕೇಳುತ್ತಾರೆ. ಆ ವಾರ ಸ್ಟೋರಿನಲ್ಲಿ ರಿಯಾಯಿತಿ ಬಂತು. ಒಂದೊಂದೂ 4,499. ಬೇರೆ ಬೇರೆ ಕೊಂಡರೆ ಎರಡೂ 5,000ದ ಒಳಗೆ, ಕೊಟೇಶನ್ ಬೇಡ. ಕೊಂಡುಬಿಟ್ಟರು. ಅವರ ಜಾಗದಲ್ಲಿ ಯಾರಿದ್ದರೂ ಅದನ್ನೇ ಮಾಡುತ್ತಿದ್ದರು ಅಲ್ವಾ?

ಆದರೆ ಆ ಎರಡು ಆಟ ಈಗ ಯಾರದ್ದು? ಕ್ಲಬ್‌ನದ್ದು ಅಂತ ನಾವು ಅಂದುಕೊಂಡಿದ್ದೇವೆ. ಕಂಪನಿಯ ಲೆಕ್ಕದಲ್ಲಿ ಅವು ಖಜಾಂಚಿಯ ಸ್ವಂತ ಅಕೌಂಟಿನವು. ಸ್ಟೋರಿನಲ್ಲಿ ಕೊಂಡಾಗ ನಮಗೆ ಸಿಗುವುದು ಆಡುವ ಅನುಮತಿ ಅಷ್ಟೇ, ಅದು ಆ ಅಕೌಂಟಿಗೆ ಅಂಟಿಕೊಂಡಿರುತ್ತೆ. ಅಕೌಂಟನ್ನು ಇನ್ನೊಬ್ಬರಿಗೆ ಮಾರುವ ಹಾಗಿಲ್ಲ, ವರ್ಗಾಯಿಸುವ ಹಾಗೂ ಇಲ್ಲ. ಕನ್ಸೋಲಿನ ಸೆಟ್ಟಿಂಗ್ಸ್‌ನಲ್ಲಿ `Console Sharing and Offline Play` ಅಂತ ಒಂದು ಆಯ್ಕೆ ಇದೆ. ಅವರು ಅದನ್ನು ಕ್ಲಬ್‌ನ ಕನ್ಸೋಲಿನಲ್ಲಿ ಆನ್ ಮಾಡಿಟ್ಟಿದ್ದಾರೆ. ಹಾಗಾಗಿ ಬೇರೆ ಯಾರು ಲಾಗಿನ್ ಆದರೂ ಆಟ ತೆರೆಯುತ್ತೆ. ಆದರೆ ಒಂದು ಅಕೌಂಟಿಗೆ ಇದು ಒಂದೇ ಪ್ಲೇಸ್ಟೇಷನ್ 5ನಲ್ಲಿ ನಡೆಯುತ್ತೆ. ನಾಳೆ ಅವರಿಗೆ ಕೆಲಸ ಸಿಕ್ಕಿ, ಮೊದಲ ಸಂಬಳದಲ್ಲಿ ಸ್ವಂತಕ್ಕೆ ಒಂದು ಕನ್ಸೋಲ್ ಕೊಂಡು, ಅಲ್ಲಿ ಈ ಆಯ್ಕೆ ಆನ್ ಮಾಡಿಕೊಂಡರೆ ನಮ್ಮ ಕೋಣೆಯ ಕನ್ಸೋಲಿನಲ್ಲಿ ಎರಡೂ ಆಟಕ್ಕೆ ಬೀಗ ಬೀಳುತ್ತೆ. ಅವರು ಕೆಟ್ಟದ್ದು ಮಾಡಬೇಕೆಂದೇನೂ ಇಲ್ಲ. ಸ್ವಂತ ಅಕೌಂಟನ್ನು ಎಲ್ಲರ ಹಾಗೆ ಬಳಸಿದರೆ ಸಾಕು.

ಅವರು ಇದನ್ನು ತಾವಾಗಿಯೇ ಹೇಳಿದರು. ‘ನಾನು ಜೂನ್‌ನಲ್ಲಿ ಹೋಗ್ತೀನಿ. ಅಲ್ಲಿವರೆಗೆ ಪಾಸ್‌ವರ್ಡ್ ಯಾರಿಗೂ ಕೊಡಲ್ಲ, ಯಾಕಂದ್ರೆ ಅದರಲ್ಲಿ ನನ್ನ ಕಾರ್ಡ್ ಇದೆ. ಆಮೇಲೆ ಏನು ಮಾಡೋದು ಅಂತ ನೀವೇ ಹೇಳಿ’ ಅಂದರು. ಹಾಲ್‌ನಲ್ಲಿ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಇದ್ದದ್ದು ಖಾಲಿ ಕುರ್ಚಿಗಳಲ್ಲಿ ಕೂರಬೇಕಾಗಿದ್ದವರ ಹತ್ತಿರ.

ಕನ್ಸೋಲಿನ ಬಿಲ್ಲಿನದ್ದೂ ಇದೇ ಕಥೆ. ಅದು ಅವರ ಹೆಸರಿನಲ್ಲಿದೆ, ಅವರ ಆನ್‌ಲೈನ್ ಶಾಪಿಂಗ್ ಅಕೌಂಟಿನಲ್ಲಿದೆ. ವಾರಂಟಿಗೆ ಹೋದರೆ ಮೊದಲು ಕೇಳುವುದೇ ಬಿಲ್ಲು. ಕಾಲೇಜಿನ ಸ್ಟಾಕ್ ರಿಜಿಸ್ಟರಿನಲ್ಲಿ ಈ ವಸ್ತುಗಳ ಬಗ್ಗೆ ಒಂದು ಸಾಲೂ ಇಲ್ಲ. ಲ್ಯಾಬಿನಲ್ಲಿ ಕೆಟ್ಟುಹೋದ ಹಳೇ ಮಲ್ಟಿಮೀಟರಿಗೂ ಒಂದು ನಂಬರ್ ಇದೆ, ಪುಟ ಇದೆ, ಯಾರ ವಶದಲ್ಲಿದೆ ಅನ್ನೋ ಸಹಿ ಇದೆ. ನಮ್ಮ ಕೋಣೆಯ ಸುಮಾರು 84,000 ರೂಪಾಯಿ ಸಾಮಾನಿಗೆ ಏನೂ ಇಲ್ಲ. ನಾಳೆ ಕನ್ಸೋಲ್ ಕಳುವಾದರೆ ದೂರು ಕೊಡಬೇಕಾದವರು ಯಾರು? ಕಾಲೇಜು ಕೊಟ್ಟರೆ ‘ನಿಮ್ಮದು ಅನ್ನೋದಕ್ಕೆ ದಾಖಲೆ ಏನು’ ಅಂತ ಕೇಳುತ್ತಾರೆ. ದಾಖಲೆಯಲ್ಲಿ ಹೆಸರಿರುವ ಹುಡುಗಿ ಅಷ್ಟು ಹೊತ್ತಿಗೆ ಬೇರೆ ಊರಲ್ಲಿ ಕೆಲಸದಲ್ಲಿರುತ್ತಾರೆ.

ಇನ್ನು ಕಂಟ್ರೋಲರ್ ವಿಷಯ. ಇಲ್ಲಿ ಜಾಸ್ತಿ ಹೊತ್ತು ನಿಲ್ಲುತ್ತೇನೆ, ಯಾಕಂದ್ರೆ ಹಂಚಿಕೊಂಡು ಬಳಸುವ ಸಾಮಾನಿನಲ್ಲಿ ಮೊದಲು ಸಾಯುವುದು ಇದೇ, ಹಣ ಸೋರುವುದೂ ಇಲ್ಲೇ.

ಖಜಾಂಚಿ ಮೂರೂ ಕಂಟ್ರೋಲರ್ ಸಭೆಗೇ ತಂದಿದ್ದರು. ಒಂದೊಂದನ್ನೇ ಕೇಬಲ್‌ನಿಂದ ಹಾಲ್‌ನ ವಿಂಡೋಸ್ ಕಂಪ್ಯೂಟರಿಗೆ ಸಿಕ್ಕಿಸಿ, ರನ್ ಬಾಕ್ಸಿನಲ್ಲಿ ಇದನ್ನು ಟೈಪ್ ಮಾಡಿದರು:

```
joy.cpl
```

ಅಲ್ಲಿ ಕಂಟ್ರೋಲರ್ ಆರಿಸಿ `Properties` ಒತ್ತಿದರೆ ಒಂದು ಚೌಕದೊಳಗೆ ಸಣ್ಣ ಕೂಡಿಸುವ ಚಿಹ್ನೆ ಕಾಣುತ್ತೆ. ಸ್ಟಿಕ್ ಮುಟ್ಟದೆ ಬಿಟ್ಟರೆ ಅದು ನಡುಮಧ್ಯೆ ನಿಲ್ಲಬೇಕು. ಎರಡರಲ್ಲಿ ನಿಂತಿತು. ಕನ್ಸೋಲ್ ಜೊತೆ ಬಂದ ಬಿಳಿ ಕಂಟ್ರೋಲರಿನಲ್ಲಿ ಆ ಚಿಹ್ನೆ ಎಡಕ್ಕೆ ವಾಲಿ ಅಲ್ಲೇ ನಡುಗುತ್ತಿತ್ತು. ಇದನ್ನೇ ಡ್ರಿಫ್ಟ್ ಅನ್ನುತ್ತಾರೆ. ಫುಟ್‌ಬಾಲ್ ಆಡುವಾಗ ನಾವು ಏನೂ ಮಾಡದೆ ಆಟಗಾರ ತಾನಾಗಿಯೇ ಸೈಡ್‌ಲೈನ್ ಕಡೆ ನಡೆಯುತ್ತಿದ್ದನಲ್ಲ, ಅದಕ್ಕೆ ಕಾರಣ ಇದು. ‘ಯಾರೋ ಬೀಳಿಸಿದ್ದಾರೆ, ದಂಡ ಹಾಕಿ’ ಅಂತ ಗುಂಪಿನಲ್ಲಿ ಜಗಳವಾಗಿತ್ತು. ಬೀಳಿಸಬೇಕಾಗಿಯೇ ಇಲ್ಲ. ಈ ಕಂಟ್ರೋಲರಿನ ಸ್ಟಿಕ್ಕಿನ ಕೆಳಗೆ ಪುಟ್ಟ ಪೊಟೆನ್ಷಿಯೊಮೀಟರ್‌ಗಳಿರುತ್ತವೆ, ನಾವು ಎರಡನೇ ಸೆಮಿಸ್ಟರ್ ಲ್ಯಾಬಿನಲ್ಲಿ ತಿರುಗಿಸುವಂಥವೇ. ಒಂದು ಪಟ್ಟಿಯ ಮೇಲೆ ಲೋಹದ ನಾಲಿಗೆ ಉಜ್ಜುತ್ತಾ ಓಡಾಡುತ್ತೆ. ಉಜ್ಜಿ ಉಜ್ಜಿ ಪಟ್ಟಿ ಸವೆಯುತ್ತೆ. ಸ್ಟಿಕ್ ಮಧ್ಯದಲ್ಲೇ ಇದ್ದರೂ ಅಳತೆ ಬೇರೆ ಬರುತ್ತೆ. ಉಜ್ಜಾಟವೇ ಇಲ್ಲದೆ ಆಯಸ್ಕಾಂತದಿಂದ ಅಳೆಯುವ ಹಾಲ್ ಎಫೆಕ್ಟ್ ಸ್ಟಿಕ್ಕುಗಳೂ ಇವೆ, ಆದರೆ ಈ ಕಂಟ್ರೋಲರಿನಲ್ಲಿ ಇರುವುದು ಅದಲ್ಲ. ಆಟದ ಸೆಟ್ಟಿಂಗ್ಸ್‌ನಲ್ಲಿ ಡೆಡ್‌ಜೋನ್, ಅಂದರೆ ಸ್ಟಿಕ್ಕಿನ ಸಣ್ಣ ಅಲುಗಾಟವನ್ನು ಆಟ ಲೆಕ್ಕಕ್ಕೆ ಹಿಡಿಯದ ಜಾಗ, ಜಾಸ್ತಿ ಮಾಡಿದರೆ ಸ್ವಲ್ಪ ದಿನ ಮರೆಮಾಚಬಹುದು, ಅಷ್ಟೇ. ಸವೆತ ನಿಲ್ಲುವುದಿಲ್ಲ.

ಎಷ್ಟು ಸವೆದಿದೆ ನೋಡಿ. ಕೋಣೆ ದಿನಕ್ಕೆ ಎರಡು ಗಂಟೆ, ವಾರಕ್ಕೆ ಐದು ದಿನ ತೆರೆದಿರುತ್ತೆ. ಎರಡು ಸೆಮಿಸ್ಟರ್ ಸೇರಿ 32 ವಾರ ಹಿಡಿದರೆ 320 ಗಂಟೆ. ಬಿಳಿ ಕಂಟ್ರೋಲರ್ ಎಲ್ಲರಿಗೂ ಮೊದಲು ಕೈಗೆ ಸಿಗುವುದು, ಅದು ಹೆಚ್ಚುಕಮ್ಮಿ ಅಷ್ಟೂ ಹೊತ್ತು ಓಡಿದೆ. ಮನೆಯಲ್ಲಿ ಭಾನುವಾರ ಒಂದು ಗಂಟೆ ಆಡುವವನಿಗೆ ವರ್ಷಕ್ಕೆ 52 ಗಂಟೆ. ಅವನು ಆರು ವರ್ಷದಲ್ಲಿ ಸವೆಸುವುದನ್ನು ನಾವು ಒಂದೇ ವರ್ಷದಲ್ಲಿ ಸವೆಸಿದ್ದೇವೆ. ಮೂರನ್ನೂ ಸರದಿಯಲ್ಲಿ ಬಳಸಿದ್ದರೆ ಸವೆತ ಹಂಚಿಹೋಗುತ್ತಿತ್ತು. ಆದರೆ ಮೂರನೆಯದು ‘ಸ್ಪೇರ್’ ಅಂತ ಬೀರುವಿನಲ್ಲೇ ಇತ್ತು, ಬೀರುವಿನ ಕೀ ಬೇರೆಯವರ ಹತ್ತಿರ ಇತ್ತು.

ನಾವು ಕೊಂಡಾಗ ಹೊಸ ಕಂಟ್ರೋಲರ್ 5,990 ಇತ್ತು. ಕ್ಲಬ್ ಹತ್ತಿರ ಉಳಿದಿರುವುದು 3,332. ಇದನ್ನು ನೋಡಿಯೇ ಶುಲ್ಕ ಏರಿಸುವ ಯೋಚನೆ ಬಂದಿರಬೇಕು. ಆದರೆ ನಮ್ಮ ಕಾಲೇಜಿನಲ್ಲೇ ಎಲೆಕ್ಟ್ರಾನಿಕ್ಸ್ ಲ್ಯಾಬ್ ಇದೆ, ಅದರಲ್ಲಿ ಬೆಸುಗೆ ಸ್ಟೇಷನ್‌ಗಳಿವೆ. ಸವೆದ ಸ್ಟಿಕ್ಕಿನ ಬೆಸುಗೆ ಬಿಡಿಸಿ ಹೊಸದು ಕೂರಿಸಬಹುದು. ಬಿಡಿಭಾಗದ ಬೆಲೆ ಹೊಸ ಕಂಟ್ರೋಲರಿನ ಮುಂದೆ ಏನೂ ಅಲ್ಲ. ಸುಲಭದ ಕೆಲಸ ಅಂತ ನಾನು ಹೇಳಲ್ಲ. ಬೆಸುಗೆಯ ಕಾಲುಗಳು ಬಹಳ, ಜಾಸ್ತಿ ಬಿಸಿಯಾದರೆ ಬೋರ್ಡಿನ ತಾಮ್ರವೇ ಎದ್ದುಬರುತ್ತೆ. ಕೂರಿಸಿದ ಮೇಲೆ ಮಧ್ಯಬಿಂದುವನ್ನು ಮತ್ತೆ ಹೊಂದಿಸಬೇಕು, ಇಲ್ಲದಿದ್ದರೆ ಹೊಸ ಸ್ಟಿಕ್ಕೂ ವಾಲಿಕೊಂಡೇ ಇರುತ್ತೆ. ಬಿಚ್ಚಿದ ಮೇಲೆ ವಾರಂಟಿ ಕೇಳುವ ಹಾಗಿಲ್ಲ. ಆದರೂ ವಾರಂಟಿ ಮುಗಿದ ಕಂಟ್ರೋಲರಿಗೆ ಇದಕ್ಕಿಂತ ಒಳ್ಳೇ ದಾರಿ ಇಲ್ಲ. ಖಜಾಂಚಿ ಇದಕ್ಕೆ ಲ್ಯಾಬ್ ಕೇಳಿದ್ದರು. ‘ಗೇಮ್ ಸಾಮಾನಿಗೆ ಲ್ಯಾಬ್ ಕೊಡಲ್ಲ’ ಅನ್ನೋ ಉತ್ತರ ಬಂದಿತು. ಪ್ರಾಜೆಕ್ಟ್ ವರದಿಯಲ್ಲಿ ‘ಸೆನ್ಸರ್ ಬದಲಾವಣೆ ಮತ್ತು ಕ್ಯಾಲಿಬ್ರೇಷನ್’ ಅಂತ ಬರೆದುಕೊಟ್ಟಿದ್ದರೆ ಪ್ರಾಯಶಃ ಅಂಕವೇ ಸಿಗುತ್ತಿತ್ತು!

ಯುಪಿಎಸ್ ಬಗ್ಗೆ ಎರಡೇ ಮಾತು. ಅದು 600 ವಿಎ, ಅಂದರೆ ಸುಮಾರು 360 ವ್ಯಾಟ್ ಹೊರೆ ತಡೆಯುತ್ತೆ. ಆಟ ನಡೆಯುವಾಗ ಕನ್ಸೋಲ್ ಹೆಚ್ಚುಕಮ್ಮಿ 200 ವ್ಯಾಟ್ ಎಳೆಯುತ್ತೆ, ಮಾನಿಟರ್ ಸೇರಿದರೂ ಆರಾಮ. ಫೆಸ್ಟ್ ದಿನ ಯಾರೋ ದೊಡ್ಡ ಗ್ರಾಫಿಕ್ಸ್ ಕಾರ್ಡಿನ ಪಿಸಿಯನ್ನೂ ಅದಕ್ಕೇ ಸಿಕ್ಕಿಸಿದರು. ಯುಪಿಎಸ್ ಕೀ ಎಂದು ಕೂಗಿ ಎಲ್ಲವನ್ನೂ ಒಟ್ಟಿಗೆ ಆರಿಸಿತು, ಸೆಮಿಫೈನಲ್ ಮಧ್ಯದಲ್ಲಿ. ‘ಕಳಪೆ ಯುಪಿಎಸ್ ತಂದಿದ್ದಾರೆ’ ಅಂತ ಬೈದರು. ಯುಪಿಎಸ್ ತನ್ನ ಕೆಲಸವನ್ನೇ ಮಾಡಿತು. ಕೋಣೆಯಲ್ಲಿ ಇರುವುದೇ ಒಂದು ಪ್ಲಗ್ ಪಾಯಿಂಟ್, ಇನ್ನೆಲ್ಲಿ ಸಿಕ್ಕಿಸಬೇಕಿತ್ತು ಹೇಳಿ.

ಈಗ ನಿಜವಾದ ದೂರಿಗೆ ಬರುತ್ತೇನೆ. ಸಭೆಯ ಕೊನೆಯಲ್ಲಿ ಮೊದಲ ವರ್ಷದ ಹುಡುಗನೊಬ್ಬ ಎದ್ದು ನಿಂತು, ‘ಅಕ್ಕ, ಲೆಕ್ಕ ಎಲ್ಲ ಸರಿ, ಆದ್ರೆ ನಂಗೆ ಇಡೀ ವರ್ಷ ಸರಿಯಾಗಿ ಒಂದ್ ಗೇಮ್ ಆಡಕ್ಕೆ ಸಿಕ್ಕಿಲ್ಲ’ ಅಂದ. ಚಪ್ಪಾಳೆ ಬಿತ್ತು. ಖಜಾಂಚಿ ಸುಮ್ಮನಿದ್ದರು. ಅವನ ಮಾತನ್ನು ನಾನು ಲೆಕ್ಕ ಹಾಕಿ ನೋಡಿದೆ. ಕೋಣೆ ಸಂಜೆ ನಾಲ್ಕರಿಂದ ಆರು. ವಾರಕ್ಕೆ 10 ಗಂಟೆ. ಒಂದು ಹೊತ್ತಿಗೆ ಸಾಮಾನ್ಯವಾಗಿ ಇಬ್ಬರು ಆಡುತ್ತಾರೆ, ಅಲ್ಲಿಗೆ ವಾರಕ್ಕೆ ಇಪ್ಪತ್ತು ಗಂಟೆಯ ಆಟ, ಅಂದರೆ 1,200 ನಿಮಿಷ. ಸದಸ್ಯರು 120. ಒಬ್ಬೊಬ್ಬರಿಗೆ ವಾರಕ್ಕೆ ಹತ್ತು ನಿಮಿಷ. ಒಂದು ಫುಟ್‌ಬಾಲ್ ಪಂದ್ಯ ಮೆನುವಿನಿಂದ ಕೊನೆಯವರೆಗೆ ಸುಮಾರು ಕಾಲು ಗಂಟೆ ತಗೊಳ್ಳುತ್ತೆ. ಅವನ ಪಾಲಿಗೆ ಒಂದು ಪಂದ್ಯವೂ ಪೂರ್ತಿ ಬರುವುದಿಲ್ಲ. ಹುಡುಗ ಸುಳ್ಳು ಹೇಳಿಲ್ಲ.

32 ವಾರಕ್ಕೆ ಒಬ್ಬರ ಪಾಲು 320 ನಿಮಿಷ, ಐದು ಗಂಟೆ ಇಪ್ಪತ್ತು ನಿಮಿಷ. ಅದಕ್ಕೆ 800 ರೂಪಾಯಿ. ಗಂಟೆಗೆ 150 ಬಿತ್ತು. ಬಸ್ ಸ್ಟ್ಯಾಂಡ್ ಹತ್ತಿರದ ಗೇಮಿಂಗ್ ಕೆಫೆಯಲ್ಲಿ ಇದೇ ಕನ್ಸೋಲಿಗೆ ಗಂಟೆಗೆ 100 ತಗೊಳ್ಳುತ್ತಾರೆ, ಎಸಿ ಬೇರೆ ಇದೆ. ಕನ್ಸೋಲ್ ನಾಲ್ಕು ವರ್ಷವಾದರೂ ಬಾಳುತ್ತೆ, ಪೂರ್ತಿ ಬೆಲೆಯನ್ನು ಮೊದಲ ವರ್ಷಕ್ಕೇ ಹಾಕುವುದು ನ್ಯಾಯವಲ್ಲ ಅಂತ ನೀವು ಹೇಳಬಹುದು. ಸರಿಯೇ. ಆದರೆ ಈ ವರ್ಷ ಕೊಟ್ಟು ಈ ವರ್ಷವೇ ಹೊರಟು ಹೋಗುವ ಕೊನೇ ವರ್ಷದವರಿಗೆ ಆ ಮಾತು ಹೇಳಿ ನೋಡಿ.

ಕೋಣೆ ಆರಕ್ಕೆ ಯಾಕೆ ಮುಚ್ಚುತ್ತೆ? ಅಟೆಂಡರ್ ಆರಕ್ಕೆ ಮನೆಗೆ ಹೋಗುತ್ತಾರೆ, ಕೀ ಅವರ ಹತ್ತಿರ ಇರುತ್ತೆ. ಅವರದೇನೂ ತಪ್ಪಿಲ್ಲ. ಆದರೆ ಅದೇ ಮಹಡಿಯ ಲೈಬ್ರರಿ ರೀಡಿಂಗ್ ರೂಮ್ ರಾತ್ರಿ ಎಂಟರವರೆಗೆ ತೆರೆದಿರುತ್ತೆ, ಅದಕ್ಕೆ ಸೆಕ್ಯೂರಿಟಿಯವರು ಇರುತ್ತಾರೆ, ಕೀ ರಿಜಿಸ್ಟರ್ ಇದೆ. ನಮ್ಮ ಕೋಣೆಯ ಕೀಯನ್ನೂ ಅದೇ ರಿಜಿಸ್ಟರಿಗೆ ಸೇರಿಸಿ ಎಂಟರವರೆಗೆ ಬಿಟ್ಟರೆ ಒಬ್ಬೊಬ್ಬರ ಪಾಲು ಹತ್ತು ನಿಮಿಷದಿಂದ ಇಪ್ಪತ್ತಾಗುತ್ತೆ. ಒಂದು ಪಂದ್ಯ ಪೂರ್ತಿಯಾಗುತ್ತೆ. ಗಂಟೆಗೆ ಬೀಳುವ ಖರ್ಚು 75ಕ್ಕೆ ಇಳಿಯುತ್ತೆ. ಕಾಲೇಜಿಗೆ ಒಂದಿಷ್ಟು ಕರೆಂಟು ಬಿಟ್ಟರೆ ಬೇರೆ ಖರ್ಚಿಲ್ಲ. ಖಜಾಂಚಿ ಎಷ್ಟೇ ಚೌಕಾಸಿ ಮಾಡಿ ಸಾಮಾನು ತಂದರೂ ಇಷ್ಟು ಉಳಿಸಲು ಅವರಿಂದ ಆಗುತ್ತಿರಲಿಲ್ಲ, ಯಾಕಂದ್ರೆ ಆ ಕೀ ಅವರ ಕೈಯಲ್ಲಿ ಇರಲಿಲ್ಲ.

ಹೆಚ್ಚು ಹೊತ್ತು ತೆರೆದರೆ ಕಂಟ್ರೋಲರ್ ಇನ್ನೂ ಬೇಗ ಸವೆಯುತ್ತಲ್ಲ ಅನ್ನಬಹುದು. ಹೌದು, ಸವೆಯುತ್ತೆ. ಅದನ್ನೂ ಸೇರಿಸಿಯೇ ಮುಂದಿನ ವರ್ಷದ ಲೆಕ್ಕ ಹೇಳುತ್ತೇನೆ. ಕನ್ಸೋಲ್, ಮಾನಿಟರ್, ನೆಟ್‌ವರ್ಕ್ ಸಾಮಾನು ಸೇರಿ 68,490. ನಾಲ್ಕು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 17,000 ಚಿಲ್ಲರೆ, ಅದನ್ನು ಮುಂದೆ ಹೊಸದು ಕೊಳ್ಳಲು ಎತ್ತಿಡಬೇಕು. ರಿಪೇರಿ ಆಗಲೇ ಇಲ್ಲ ಅಂದುಕೊಂಡು ವರ್ಷಕ್ಕೆ ಮೂರು ಹೊಸ ಕಂಟ್ರೋಲರ್ ಅಂದರೂ 18,000. ಒಂದು ಹೊಸ ಡಿಸ್ಕ್ 5,000. ಯುಪಿಎಸ್ ಬ್ಯಾಟರಿಗೆ ಅಂತ 1,000. ಒಟ್ಟು 41,000. ತಲಾ 350 ರೂಪಾಯಿ ತಗೊಂಡರೆ 42,000 ಬರುತ್ತೆ. ಹಾಗಾದರೆ 1,000 ರೂಪಾಯಿ ಯಾವ ಲೆಕ್ಕ? ನೋಟಿಸಿನಲ್ಲಿ ಒಂದು ಸಾಲಿನ ಕಾರಣವೂ ಇಲ್ಲ. ಮೊದಲ ವರ್ಷ ದೊಡ್ಡ ಸಾಮಾನು ಕೊಳ್ಳಬೇಕಿತ್ತು, 800 ಕೊಟ್ಟೆವು. ಅದು ಪ್ರತಿ ವರ್ಷ ಬರುವ ಖರ್ಚಲ್ಲ.

ಆದ್ದರಿಂದ ನಮ್ಮ ಕೋರಿಕೆಗಳು. ಶುಲ್ಕ ಏರಿಕೆಯ ನೋಟಿಸನ್ನು ಹಿಂತೆಗೆದುಕೊಳ್ಳಿ, ಇಲ್ಲವೇ ಖಜಾಂಚಿ ಕೊಟ್ಟ ಹಾಗೆ ಸಾಲು ಸಾಲಾಗಿ ಲೆಕ್ಕ ಕೊಡಿ. ಕೋಣೆಯ ಕೀಯನ್ನು ರೀಡಿಂಗ್ ರೂಮಿನ ರಿಜಿಸ್ಟರಿಗೆ ಸೇರಿಸಿ. ಕ್ಲಬ್‌ಗೆ ಒಂದು ಬ್ಯಾಂಕ್ ಖಾತೆ ತೆರೆಸಿ, ಖಜಾಂಚಿ ಮತ್ತು ಉಸ್ತುವಾರಿ ಮೇಡಂ ಇಬ್ಬರ ಸಹಿ ಇಲ್ಲದೆ ಹಣ ಹೊರಗೆ ಹೋಗದ ಹಾಗೆ ಮಾಡಿ. ಯಾವ ವಿದ್ಯಾರ್ಥಿಯೂ ತನ್ನ ಔಷಧಿ ಬಿಲ್ಲನ್ನು ಅಷ್ಟು ಜನರ ಮುಂದೆ ತೋರಿಸಿ ಪ್ರಾಮಾಣಿಕತೆ ಸಾಬೀತು ಮಾಡುವ ಹಾಗಾಗಬಾರದು. ಇರುವ ಸಾಮಾನನ್ನು ಸ್ಟಾಕ್ ರಿಜಿಸ್ಟರಿನಲ್ಲಿ ಬರೆಯಿಸಿ, ಸೀರಿಯಲ್ ನಂಬರ್ ಸಮೇತ. ಮುಂದಿನ ಬಿಲ್ಲುಗಳು ಕ್ಲಬ್ ಹೆಸರಿನಲ್ಲಿ ಬರಲಿ. ಊರಲ್ಲಿ ಮೂರು ಅಂಗಡಿ ಇಲ್ಲದ ವಸ್ತುವಿಗೆ ಮೂರು ಕೊಟೇಶನ್ ಕೇಳಬೇಡಿ, ಎರಡು ಅಂಗಡಿ ಮತ್ತು ಒಂದು ಆನ್‌ಲೈನ್ ಬೆಲೆ ಸಾಕು ಅನ್ನಿ. ಇನ್ನು ಮುಂದೆ ಆಟ ಕೊಂಡರೆ ಡಿಸ್ಕ್ ಮಾತ್ರ ಕೊಳ್ಳುತ್ತೇವೆ, 10,000 ಜಾಸ್ತಿ ಕೊಟ್ಟು ತಂದ ಡ್ರೈವ್ ಇದ್ದೇ ಇದೆ. ಡಿಸ್ಕ್ ಕಳೆದುಹೋಗುತ್ತೆ, ಗೀಚು ಬೀಳುತ್ತೆ, ಅದು ಗೊತ್ತು. ಆದರೆ ಡಿಸ್ಕಿಗೂ ಸ್ಟಾಕ್ ನಂಬರ್ ಹಾಕಬಹುದು, ಖಜಾಂಚಿಯ ಪಾಸ್‌ವರ್ಡಿಗೆ ಹಾಕಲು ಬರುವುದಿಲ್ಲ.

ತಿಂಗಳಿಗೊಂದು ಶನಿವಾರ ಎಲೆಕ್ಟ್ರಾನಿಕ್ಸ್ ಲ್ಯಾಬಿನಲ್ಲಿ ಒಂದು ಬೆಂಚು ಕೊಡಿ. ಲ್ಯಾಬ್ ಸಹಾಯಕರು ಎದುರಿಗಿರಲಿ, ಬಿಡಿಭಾಗ ನಾವೇ ತರುತ್ತೇವೆ. ಮೊದಲು ಆ ಬಿಳಿ ಕಂಟ್ರೋಲರಿನ ವಾರಂಟಿ ಇನ್ನೂ ಇದೆಯಾ ಅಂತ ಖಜಾಂಚಿ ನೋಡಿಬಿಡಲಿ, ಬಿಲ್ಲು ಅವರ ಹೆಸರಿನಲ್ಲಿರುವುದರಿಂದ ಅವರು ಹೋಗುವ ಮುಂಚೆಯೇ ಅದು ಆಗಬೇಕು.

ಹೊರಗಿನವರಿಂದ ಗಂಟೆಗೆ ಇಷ್ಟು ಅಂತ ತಗೊಂಡು ಕ್ಲಬ್‌ಗೆ ಹಣ ಮಾಡಬಹುದು ಅನ್ನೋ ಸಲಹೆ ಮೇಡಂ ಅವರ ಕಡೆಯಿಂದ ಬಂದಿದೆ ಅಂತ ಕೇಳಿದೆ. ದಯವಿಟ್ಟು ಬೇಡ. ಆ ಆಟಗಳ ಅನುಮತಿ ಸ್ವಂತ ಬಳಕೆಗೆ, ವ್ಯಾಪಾರಕ್ಕಲ್ಲ. ಬಾಡಿಗೆ ಶುರುಮಾಡಿ ಸಿಕ್ಕಿಬಿದ್ದರೆ ಅಕೌಂಟ್ ಮುಚ್ಚಿಹೋಗುವುದು ಖಜಾಂಚಿಯದ್ದು. ಅದೂ ಅಲ್ಲದೆ ಸದಸ್ಯರಿಗೇ ವಾರಕ್ಕೆ ಹತ್ತು ನಿಮಿಷ ಇರುವಾಗ ಹೊರಗಿನವರಿಗೆ ಕೊಡಲು ಹೊತ್ತೆಲ್ಲಿದೆ?

ಆ ಎರಡು ಡಿಜಿಟಲ್ ಆಟಗಳ ಬಗ್ಗೆ ನನ್ನದೊಂದು ಅಭಿಪ್ರಾಯ, ಇದಕ್ಕೆ ಎಲ್ಲರೂ ಒಪ್ಪಬೇಕೆಂದಿಲ್ಲ. ಅವನ್ನು ಹೋಯಿತು ಅಂತ ಬರೆದುಬಿಡೋಣ. ಹೋಗುವ ಹುಡುಗಿಯ ಹತ್ತಿರ ‘ಅಕೌಂಟ್ ಬಿಟ್ಟುಕೊಡಿ’ ಅಂತ ಕೇಳುವುದು ಸರಿಯಲ್ಲ, ‘8,998 ವಾಪಸ್ ಕೊಡಿ’ ಅನ್ನುವುದಂತೂ ನಾಚಿಕೆಗೇಡು. ಗುಂಪಿನಲ್ಲಿ ಹಾಗೆ ಬರೆದವರು ಇದ್ದಾರೆ, ಅವರು ಇದನ್ನು ಓದುತ್ತಿದ್ದರೆ ಒಳ್ಳೇದು. ಖಜಾಂಚಿ ಇರುವವರೆಗೆ ಆಡೋಣ, ಆಮೇಲೆ ಉಳಿದ 3,332ಕ್ಕೆ ಹೊಸ ಶುಲ್ಕದಿಂದ ಸ್ವಲ್ಪ ಸೇರಿಸಿ ಒಂದು ಡಿಸ್ಕ್ ತರೋಣ.

ಸದಸ್ಯತ್ವ ನವೀಕರಣ ಮುಂದಿನ ತಿಂಗಳ ಒಂದನೇ ತಾರೀಕಿನಿಂದ ಶುರು. ಅದಕ್ಕೂ ಮೊದಲು ಶುಲ್ಕ ಮತ್ತು ಕೋಣೆಯ ಸಮಯ, ಈ ಎರಡರ ಬಗ್ಗೆಯಾದರೂ ನೋಟಿಸ್ ಬೋರ್ಡಿನಲ್ಲಿ ಉತ್ತರ ಹಾಕಿ. ಉಳಿದದ್ದಕ್ಕೆ ನೀವು ಹೇಳಿದ ದಿನ ಬಂದು ಕೂತು ಮಾತಾಡಲು ನಾವು ಐದು ಜನ ತಯಾರಿದ್ದೇವೆ. ಲೆಕ್ಕದ ಹಾಳೆ ಪ್ರಿಂಟ್ ತೆಗೆದು ಇಟ್ಟಿದ್ದೇವೆ.

ಇಂತಿ,
ಗೇಮಿಂಗ್ ಕ್ಲಬ್‌ನ ಒಬ್ಬ ಸದಸ್ಯ
ಐದನೇ ಸೆಮಿಸ್ಟರ್, ಎಲೆಕ್ಟ್ರಾನಿಕ್ಸ್ ವಿಭಾಗ